ಗಲ್ಲಾ ಸರಿಯಿದೆ, ಪಫ್ಸ್ ಕಮ್ಮಿ

ಬಸ್ ಸ್ಟ್ಯಾಂಡ್ ಎದುರಿನ ಬೇಕರಿ ಇದು. ಗುರುತು ಸಿಗದಿರಲಿ ಅಂತ ವಿವರ ಸ್ವಲ್ಪ ಬದಲಿಸಿದ್ದೇನೆ. ನಿದ್ದೆ ಬರ್ತಿಲ್ಲ ಅಂತ ಯಜಮಾನರು ನನ್ನ ಬಳಿ ಬಂದಿದ್ದರು. "ಮೇಡಂ, ದಿನಾ ಇನ್ನೂರು ಮುನ್ನೂರು ಕಮ್ಮಿ ಬರ್ತಿದೆ. ಹೊಸ ಹುಡುಗನ ಮೇಲೇ ಅನುಮಾನ." ಆ ಹುಡುಗನ ಹತ್ತಿರ ಮಾತು ಬಿಟ್ಟು ತಿಂಗಳಾಗಿತ್ತು.

ರಾತ್ರಿ ಲೆಕ್ಕ ಹೇಗೆ ಮಾಡ್ತೀರಿ ಅಂತ ಕೇಳಿದೆ. ಬಿಲ್ ಮಷಿನ್ ಮೊತ್ತ ನೋಡಿ ಆಮೇಲೆ ನೋಟು ಎಣಿಸುತ್ತಿದ್ದರು. ಹಾಲಿನವನಿಗೆ, ಗ್ಯಾಸಿಗೆ, ಪಿಗ್ಮಿಗೆ ಕೊಡುವುದೆಲ್ಲ ಗಲ್ಲಾದಿಂದಲೇ, ಬರೆದಿಡುವ ಅಭ್ಯಾಸವೇ ಇಲ್ಲ.

ಎರಡು ವಾರ ಹೀಗೆ ಮಾಡಿ ಅಂದೆ. ಬೆಳಗ್ಗೆ ಚಿಲ್ಲರೆ ಸರಿಯಾಗಿ 1,500 ಇಡಿ. ಗಲ್ಲಾದಿಂದ ಯಾರೇ ತೆಗೆಯಲಿ, ನೀವೇ ತೆಗೆಯಿರಿ, ಒಂದು ಚೀಟಿ ಬರೆದು ಒಳಗೆ ಹಾಕಿ. ಪಾಳಿ ಬದಲಾಗುವಾಗ ಇಬ್ಬರೂ ಕೂತು ಎಣಿಸಿ. ಮಷಿನ್ ನೋಡುವ ಮೊದಲೇ ಎಣಿಸಿದ್ದನ್ನು ಬರೆದಿಡಿ. ಚಿಲ್ಲರೆಗೆ ನಗದು ಬಿಲ್ಲು ಕೂಡಿಸಿ, ಚೀಟಿ ಕಳೆದರೆ ಬರುವಷ್ಟು ಗಲ್ಲಾದಲ್ಲಿರಬೇಕು.

ಮೊದಲ ವಾರವೇ ಕೊರತೆ ಮಾಯ. ದಿನಾ ಪಿಗ್ಮಿಗೆ ಕೊಡುತ್ತಿದ್ದ 200 ಅವರೇ ಮರೆಯುತ್ತಿದ್ದರು! ಬೆಳಗಿನ ಪಾಳಿಯಲ್ಲಿ ಒಂದು ದಿನ 20 ಕಮ್ಮಿ, ಇನ್ನೊಂದು ದಿನ 10 ಜಾಸ್ತಿ. ಅದು ಗಡಿಬಿಡಿಯ ತಪ್ಪು, ಎರಡೂ ಕಡೆ ವಾಲುತ್ತದೆ.

ನನಗೆ ಅನುಮಾನ ಬಂದದ್ದು ಸಂಜೆ ಪಾಳಿಯ ಮೇಲೆ. ಹತ್ತು ದಿನವೂ ಒಂದು ರೂಪಾಯಿ ಆಚೀಚೆ ಇಲ್ಲ. ಬಸ್ ಇಳಿದ ಜನ ಮುಗಿಬೀಳುವ ಹೊತ್ತಿನಲ್ಲಿ ಅಷ್ಟು ಚೊಕ್ಕ ಲೆಕ್ಕ ಬರುತ್ತಾ? ಬಿಲ್ ಹಾಕದೆ ದುಡ್ಡು ಜೇಬಿಗಿಳಿಸಿದರೆ ಗಲ್ಲಾ ಎಷ್ಟು ಎಣಿಸಿದರೂ ಗೊತ್ತಾಗಲ್ಲ. ಆ ಮಾರಾಟ ಮಷಿನ್ನಿಗೇ ಗೊತ್ತಿಲ್ಲವಲ್ಲ.

ಅದಕ್ಕೆ ಒಂದೇ ಒಂದು ತಿಂಡಿ ಎಣಿಸಲು ಹೇಳಿದೆ, ಎಗ್ ಪಫ್ಸ್. ಸಂಜೆ ಶುರುವಿಗೆ 60 ಇತ್ತು. ಕೊನೆಗೆ ಉಳಿದದ್ದು 9, ಮುರಿದದ್ದು 1. ಅಂದರೆ ಹೋದದ್ದು 50. ನಗದು, ಯುಪಿಐ ಎರಡೂ ಸೇರಿ ಬಿಲ್ಲಾದದ್ದು 41. ಒಂದಕ್ಕೆ 20ರಂತೆ 180 ರೂಪಾಯಿ, ಅದೂ ಪಫ್ಸ್ ಒಂದರಲ್ಲೇ. ನಾಲ್ಕು ಸಂಜೆ ಹೆಚ್ಚುಕಮ್ಮಿ ಇದೇ ಕಥೆ.

ಸಂಜೆ ಗಲ್ಲಾದಲ್ಲಿ ಕೂರುತ್ತಿದ್ದದ್ದು ಹುಡುಗನಲ್ಲ, ಭಾವಮೈದ. ಯಜಮಾನರ ಮುಖ ಇಳಿದುಹೋಯಿತು. ಈಗಲೇ ಕೇಳಿಬಿಡ್ತೀನಿ ಅಂತ ಎದ್ದರು. ಬೇಡ ಅಂದೆ. ಎಣಿಕೆಯಿಂದ ಯಾವ ಹೊತ್ತಿನಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ, ಯಾರು ತೆಗೆದರು ಅಂತಲ್ಲ. ಪರಿಚಯದವರಿಗೆ ಯಾರೋ ಸುಮ್ನೆ ಎತ್ತಿಕೊಟ್ಟಿರಲೂಬಹುದು. ಪಾಳಿ ಅದಲುಬದಲು ಮಾಡಿ ಒಂದು ವಾರ ನೋಡಿ ಅಂದೆ.

ಭಾವಮೈದ ಬೆಳಗಿನ ಪಾಳಿಗೆ ಬಂದ, ವ್ಯತ್ಯಾಸವೂ ಅವನ ಹಿಂದೆಯೇ ಬಂತು. ಮನೆಯಲ್ಲಿ, ಹೆಂಡತಿ ಎದುರಿಗೇ ಹಾಳೆ ಮುಂದಿಟ್ಟು "ಈ ಪಫ್ಸ್ ಲೆಕ್ಕ ನನಗೆ ಅರ್ಥ ಆಗ್ತಿಲ್ಲ ಕಣೋ, ನೀನೇ ನೋಡು" ಅಂತಷ್ಟೇ ಹೇಳಿ ಅಂದಿದ್ದೆ. ಅವನು ಒಪ್ಪಿಕೊಂಡನಂತೆ. ಕೈಸಾಲ ಜಾಸ್ತಿಯಾಗಿತ್ತಂತೆ. ಈಗ ಓವನ್ ಕಡೆ ಕೆಲಸ, ಗಲ್ಲಾ ಮುಟ್ಟುವುದಿಲ್ಲ.

ಹುಡುಗನ ಹತ್ತಿರ ಮಾತು ಶುರು ಮಾಡುವುದೇ ಅವರಿಗೆ ಇದಕ್ಕಿಂತ ಕಷ್ಟವಾಗಿತ್ತು. ರಾತ್ರಿ ಎಣಿಸುವಾಗ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ ಅಂದೆ. ಮೊದಲ ದಿನ 500ರ ನೋಟುಗಳನ್ನು ಏನೂ ಹೇಳದೆ ಅವನ ಕೈಗೆ ಕೊಟ್ಟರಂತೆ. ಅವನು ಎರಡು ಸಲ ಎಣಿಸಿದನಂತೆ.