ಪಿಎಚ್‌ಡಿಗೆ 'ಸೇಫ್' ಯೂನಿವರ್ಸಿಟಿ ಅಂದ್ರೆ ಯಾವುದು?

"ಹಾಸನದಲ್ಲಿದ್ದೀನಿ, ಸಸ್ಯರೋಗ ಶಾಸ್ತ್ರದಲ್ಲಿ ಎಂ.ಎಸ್ಸಿ ಮುಗೀತಾ ಬಂತು. ಅಮೆರಿಕದಲ್ಲಿ ಪಿಎಚ್‌ಡಿ ಮಾಡಬೇಕು, ಕೈಯಿಂದ ದುಡ್ಡು ಹಾಕೋಕಾಗಲ್ಲ. ರ‍್ಯಾಂಕಿಂಗ್ ನೋಡಿ ಮೇಲಿನ ಮೂರು, ನಡುವಿನ ಮೂರು, ಕೆಳಗಿನ ಮೂರು ಆರಿಸಿದ್ದೀನಿ. ಸಾಕಾ?"

ಆ ರ‍್ಯಾಂಕಿಂಗ್ ಪಟ್ಟಿ ಬದಿಗಿಡಿ. ಚಿಕ್ಕಮಗಳೂರಲ್ಲಿ ಕೂತು ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಸೇಫ್, ಅಂದ್ರೆ ಸೀಟು ಖಾತ್ರಿ ಅಂದುಕೊಂಡ ಕಡೆಯಿಂದಲೇ ಮೊದಲು 'ಇಲ್ಲ' ಬಂತು. ಅಂಕ ಕಮ್ಮಿ ಆಗಿದ್ದಕ್ಕಲ್ಲ. ತುಕ್ಕು ರೋಗದ ಮೇಲೆ ಕೆಲಸ ಮಾಡುವವರು ಅಲ್ಲಿ ಒಬ್ಬರೇ ಇದ್ದರು, ಅವರ ಗ್ರ್ಯಾಂಟ್ ಆ ವರ್ಷವೇ ಮುಗಿಯುತ್ತಿತ್ತು.

ಅಮೆರಿಕದ ಕೃಷಿ ವಿಭಾಗಗಳಲ್ಲಿ ನಿಮ್ಮ ಫೀಸು, ಸ್ಟೈಪೆಂಡ್ ಹೆಚ್ಚಾಗಿ ಪ್ರೊಫೆಸರ್ ತಂದ ಪ್ರಾಜೆಕ್ಟ್ ದುಡ್ಡಿನಿಂದಲೇ ಬರುತ್ತದೆ. 'ಈ ಹುಡುಗನನ್ನು ನಾನು ತಗೋತೀನಿ' ಅನ್ನುವವರು ಯಾರೂ ಇಲ್ಲದಿದ್ದರೆ ನಿಮ್ಮ ಅಂಕಪಟ್ಟಿ ಎಷ್ಟು ಚೆನ್ನಾಗಿದ್ದರೂ ಸೀಟು ಸಿಗೋದು ಕಷ್ಟ. ಮೊದಲ ವರ್ಷದ ದುಡ್ಡನ್ನು ವಿಭಾಗವೇ ಕೊಡುವ ಕಡೆಯೂ ಇವೆ, ಅಲ್ಲಿ ಒಬ್ಬರನ್ನೇ ನೆಚ್ಚಿಕೊಳ್ಳಬೇಕಿಲ್ಲ. ಅದಕ್ಕೆ ಎರಡನೇ ಸಲ ನಾನು ಯೂನಿವರ್ಸಿಟಿ ಎಣಿಸಲಿಲ್ಲ, ಪ್ರೊಫೆಸರ್‌ಗಳನ್ನು ಎಣಿಸಿದೆ.

ಒಬ್ಬೊಬ್ಬರದೂ ಹೀಗೆ ನೋಡಿದೆ. ಸಂಶೋಧನೆಗೆ ದುಡ್ಡು ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ NSF, ಅದರ Award Search ಪುಟದಲ್ಲಿ ಹೆಸರು ಹಾಕಿದರೆ ಗ್ರ್ಯಾಂಟ್ ಯಾವಾಗ ಮುಗಿಯುತ್ತದೆ ಅಂತ ಕಾಣುತ್ತದೆ. ಅಮೆರಿಕದ ಕೃಷಿ ಇಲಾಖೆ ಕೊಡುವ ದುಡ್ಡು ಅಲ್ಲಿ ಕಾಣಲ್ಲ, ಅದನ್ನು ಇಮೇಲ್‌ನಲ್ಲಿ ಕೇಳಬಹುದು. ಆಮೇಲೆ ಅವರ ಲ್ಯಾಬ್‌ನ People ಪುಟ. ಕೊನೆಯ ವಿದ್ಯಾರ್ಥಿ ನಾಲ್ಕು ವರ್ಷದ ಹಿಂದೆ ಸೇರಿದ್ದರೆ ಬಾಗಿಲು ಮುಚ್ಚಿದೆ ಅಂತಲೇ ನಾನು ಲೆಕ್ಕ ಹಾಕುತ್ತಿದ್ದೆ. ಕಳೆದ ಎರಡು ವರ್ಷದಲ್ಲಿ ಯಾರಾದರೂ ಸೇರಿದ್ದರೆ, ಅದರಲ್ಲೂ ನಮ್ಮ ಕಡೆಯ ಕೃಷಿ ಕಾಲೇಜಿನವರಾದರೆ, ನಿಮ್ಮ ಡಿಗ್ರಿ ಅವರಿಗೆ ಗೊತ್ತು ಎಂದರ್ಥ. ಯೂನಿವರ್ಸಿಟಿಯ ಒಟ್ಟು ಪ್ರವೇಶ ಪ್ರಮಾಣ ನೋಡಿ ಮೋಸಹೋಗಬೇಡಿ. ಅದರಲ್ಲಿ ದುಡ್ಡು ಕಟ್ಟಿ ಓದುವ ಮಾಸ್ಟರ್ಸ್‌ನವರೂ ಸೇರಿರುತ್ತಾರೆ.

ಹನ್ನೆರಡು ವಿಭಾಗ ಜಾಲಾಡಿ ಏಳು ಉಳಿಸಿಕೊಂಡೆ. ಹೊಂದುವ ಪ್ರೊಫೆಸರ್ ಒಬ್ಬರೇ, ಇಮೇಲ್‌ಗೆ ಉತ್ತರವೂ ಇಲ್ಲ, ಅಂಥ ಎರಡು ದೊಡ್ಡ ಹೆಸರು ಆಸೆಯ ಸಾಲಿಗೆ ಹೋದವು. ಇಬ್ಬರು ಹೊಂದುತ್ತಾರೆ, ಒಬ್ಬರ ಬಳಿಯಾದರೂ ಎರಡು ವರ್ಷದ ದುಡ್ಡಿದೆ, ಅಂಥವು ನಾಲ್ಕು ನಡುವಿನ ಸಾಲಿಗೆ. ಸೇಫ್ ಸಾಲಿಗೆ ಸಿಕ್ಕಿದ್ದು ಒಂದೇ. ಅಲ್ಲಿ ಹೊಂದುವವರು ಮೂವರು. ಒಬ್ಬರು ವಿಡಿಯೊ ಕರೆ ಮಾಡಿ, ಮುಂದಿನ ಆಗಸ್ಟ್‌ಗೆ ಒಂದು ಜಾಗ ಇದೆ ಅಂತ ಬಾಯಿಬಿಟ್ಟು ಹೇಳಿದ್ದರು. ಇಷ್ಟಿಲ್ಲದಿದ್ದರೆ ರ‍್ಯಾಂಕ್ ಎಷ್ಟೇ ಕೆಳಗಿರಲಿ, ಸೇಫ್ ಅನ್ನಬೇಡಿ. ರ‍್ಯಾಂಕೂ ಇಡೀ ಯೂನಿವರ್ಸಿಟಿಯದು, ನಿಮ್ಮ ವಿಷಯದ್ದಲ್ಲ. ತುಕ್ಕು ರೋಗಕ್ಕೆ ಮಿನ್ನೆಸೋಟಾ ಎಷ್ಟು ಹೆಸರುವಾಸಿ ಅಂತ ಆ ಪಟ್ಟಿ ಹೇಳಲ್ಲ ಅಲ್ವಾ?

ತುಂಬ ಕಡೆ ಡಿಸೆಂಬರ್‌ನಲ್ಲೇ ಅರ್ಜಿ ಮುಗಿಯುತ್ತದೆ, ಹಾಗಾಗಿ ಇಮೇಲ್ ಸೆಪ್ಟೆಂಬರ್‌ನಲ್ಲೇ ಹೋಗಲಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಎರಡು ತಿಂಗಳು ಎಲೆ ಎಣಿಸಿದ್ದರೂ ಸರಿ, ಅದನ್ನೇ ಮೊದಲ ಸಾಲಲ್ಲಿ ಬರೆಯಿರಿ. ನನಗೆ ಉತ್ತರ ಬಂದಿದ್ದು ಆ ಸಾಲಿಗೇ.