41 ದಿನದ ವ್ರತದ ದಿನಚರಿ: ಕನ್ನಿಸ್ವಾಮಿಗಳಿಗೆ ಮೂರು ನಿಮಿಷದ ವಿಡಿಯೊ ಹೇಗಿರಬೇಕು?

ಪ್ರಶ್ನೆ: ನಮ್ಮದು ದಾವಣಗೆರೆ. ಈ ಸಲ ನಮ್ಮ ತಂಡದಲ್ಲಿ ಮೊದಲ ಸಲ ಮಾಲೆ ಹಾಕುವವರೇ ಜಾಸ್ತಿ. ಅಯ್ಯಪ್ಪ ವ್ರತದ ದಿನನಿತ್ಯದ ನಿಯಮಗಳನ್ನು ಒಂದು ಚಿಕ್ಕ ವಿಡಿಯೊದಲ್ಲಿ ಹೇಳಿ ವಾಟ್ಸಾಪ್ ಗ್ರೂಪಿಗೆ ಹಾಕಬೇಕು ಅಂತ ಗುರುಸ್ವಾಮಿಗಳು ನನಗೆ ವಹಿಸಿದ್ದಾರೆ. ಮೂರು ನಿಮಿಷದೊಳಗೆ ಏನೇನು ಹೇಳಬೇಕು, ಹೇಗೆ ತೋರಿಸಬೇಕು?

ಸ್ವಾಮಿ ಶರಣಂ. ಇಂಥ ವಿಡಿಯೊಗಳು ಹೆಚ್ಚಾಗಿ ಕೆಡುವುದು "ಇದು ಮಾಡಬಾರದು, ಅದು ತಿನ್ನಬಾರದು" ಎಂಬ ಪಟ್ಟಿ ಓದುವುದರಿಂದ. ಕೇಳಿದವರಿಗೆ ಭಯ ಉಳಿಯುತ್ತದೆ, ನಿಯಮ ನೆನಪುಳಿಯುವುದಿಲ್ಲ. ಅದರ ಬದಲು ಒಂದು ದಿನವನ್ನು ಬೆಳಗಿನ ಜಾವದಿಂದ ರಾತ್ರಿ ಮಲಗುವವರೆಗೆ ತೋರಿಸಿ. ಪ್ರತಿ ನಿಯಮವೂ ಅದು ಪಾಲನೆಯಾಗುವ ಹೊತ್ತಿನಲ್ಲೇ ಬರಲಿ. ಕನ್ನಡದಲ್ಲಿ ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ತೊಂಬತ್ತು ನೂರು ಪದ ಹಿಡಿಸುತ್ತವೆ. ಹಾಗಾಗಿ ನಿಮ್ಮ ಬರಹ 270 ಪದ ದಾಟಬಾರದು. ನಾನಾದರೆ ಸಮಯವನ್ನು ಹೀಗೆ ಹಂಚುತ್ತೇನೆ: ದಿನದ ಲೆಕ್ಕಕ್ಕೆ 25 ಸೆಕೆಂಡು, ಬೆಳಗಿನ ಕ್ರಮಕ್ಕೆ 40, ಹಗಲಿಗೆ 60, ಸಂಜೆ ಮತ್ತು ರಾತ್ರಿಗೆ 30, ಅಡಚಣೆ ಬಂದರೆ ಏನು ಮಾಡಬೇಕು ಎಂಬುದಕ್ಕೆ 25. ಹಗಲಿಗೆ ಹೆಚ್ಚು ಕೊಟ್ಟಿದ್ದಕ್ಕೆ ಕಾರಣವಿದೆ. ಪೂಜೆಯ ಹೊತ್ತಿನಲ್ಲಿ ಕನ್ನಿಸ್ವಾಮಿ ತಪ್ಪುವುದು ಕಡಿಮೆ, ಪಕ್ಕದಲ್ಲಿ ಹಿರಿಯ ಸ್ವಾಮಿಗಳು ಇರುತ್ತಾರೆ. ತಪ್ಪುವುದು ಕೆಲಸದ ಜಾಗದಲ್ಲಿ, ಮಧ್ಯಾಹ್ನದ ಊಟದಲ್ಲಿ.

ಶುರುವಿನಲ್ಲೇ ಲೆಕ್ಕ ಹೇಳಿ, ಏಕೆಂದರೆ ಮಾಲೆ ಹಾಕಿದ ಮೇಲೆ ಅದನ್ನು ತಿದ್ದಲು ಬರುವುದಿಲ್ಲ. ಮಾಲೆ ಹಾಕಿದ ದಿನವೇ ಒಂದನೇ ದಿನ. ವೃಶ್ಚಿಕ ಮಾಸದ ಮೊದಲ ದಿನ ನವೆಂಬರ್ 16ಕ್ಕೆ ಬಂದರೆ ಮಂಡಲ ಪೂಜೆಯ ಡಿಸೆಂಬರ್ 26 ನಲವತ್ತೊಂದನೇ ದಿನ, 17ಕ್ಕೆ ಬಂದರೆ 27. ಆದರೆ ನಮ್ಮ ಕಡೆಯ ಬಹಳ ತಂಡಗಳು ಹೊರಡುವುದು ಜನವರಿಯಲ್ಲಿ, ಅವರು ಹಿಂದಕ್ಕೆ ಎಣಿಸಬೇಕು. ಜನವರಿ 8ಕ್ಕೆ ದಾವಣಗೆರೆಯಿಂದ ಬಸ್ ಹೊರಡುತ್ತದೆ ಅಂದುಕೊಳ್ಳಿ. 7ನೇ ತಾರೀಖಿಗೆ 41 ತುಂಬಬೇಕು. ಜನವರಿಯ 7, ಡಿಸೆಂಬರಿನ 31 ಸೇರಿದರೆ 38, ಇನ್ನು ಮೂರು ನವೆಂಬರಿನ ಕೊನೆಯವು. ಅಂದರೆ ನವೆಂಬರ್ 28ರ ಬೆಳಗ್ಗೆ ಮಾಲೆ. ಶಬರಿಮಲೆ ದರ್ಶನದ ವರ್ಚುವಲ್ ಕ್ಯೂ ಬುಕಿಂಗ್ ಸಿಕ್ಕ ದಿನವನ್ನು ಮೊದಲು ಗಟ್ಟಿ ಮಾಡಿಕೊಂಡೇ ಹೀಗೆ ಎಣಿಸಬೇಕು. ವಿಡಿಯೊದಲ್ಲಿ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತೋರಿಸಿದರೆ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಜೊತೆಗೆ ಒಂದು ಮಾತು ಬಿಡಲೇಬೇಡಿ: 41 ತುಂಬಿದ ದಿನ ಮಾಲೆ ತೆಗೆಯುವ ದಿನವಲ್ಲ. ದರ್ಶನವಾಗಿ ಮನೆಗೆ ಬಂದು, ಕ್ರಮದಂತೆ ಮಾಲೆ ಇಳಿಸುವವರೆಗೂ ವ್ರತ ಇದ್ದೇ ಇರುತ್ತದೆ. ವಾಪಸ್ ಬರುವ ದಾರಿಯಲ್ಲಿ ಕೈತಪ್ಪುವವರು ಈ ಮಾತು ಕೇಳದೇ ಇದ್ದವರೇ.

ಬೆಳಗಿನ ಭಾಗವನ್ನು ಕಡಿಮೆ ಮಾತಿನಲ್ಲಿ, ಹೆಚ್ಚು ದೃಶ್ಯದಲ್ಲಿ ಮುಗಿಸಿ. ಡಿಸೆಂಬರಿನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. ಅಷ್ಟರೊಳಗೆ ತಣ್ಣೀರು ಸ್ನಾನ, ಮಡಿ ಬಟ್ಟೆ, ಹಣೆಗೆ ವಿಭೂತಿ, ಗಂಧ, ಕುಂಕುಮ, ದೀಪ, ಶರಣು ಎಲ್ಲ ಆಗಬೇಕು. ಸ್ನಾನ ತೋರಿಸಲು ಪಾದದ ಮೇಲೆ ಚೆಂಬಿನ ನೀರು ಬೀಳುವ ದೃಶ್ಯ ಸಾಕು. 108 ಶರಣು ಕೂಗಲು ಹತ್ತು ಹದಿನೈದು ನಿಮಿಷ ಬೇಕು, ಅದನ್ನು ವಿಡಿಯೊದಲ್ಲಿ ತುರುಕಬೇಡಿ. "ಸ್ವಾಮಿಯೇ ಶರಣಮಯ್ಯಪ್ಪ, ಹರಿಹರ ಸುತನೇ ಶರಣಮಯ್ಯಪ್ಪ, ಕನ್ನಿಮೂಲ ಗಣಪತಿ ಭಗವಾನೇ ಶರಣಮಯ್ಯಪ್ಪ" ಎಂಬಷ್ಟು ಕೇಳಿಸಿ, ಪೂರ್ತಿ 108ನ್ನು ಬೇರೆ ಆಡಿಯೊ ಮಾಡಿ ಅದೇ ಗ್ರೂಪಿಗೆ ಹಾಕಿ. ಒಬ್ಬರು ಹೇಳಿ ಉಳಿದವರು ಕೂಗುವ ಹಾಗಿದ್ದರೆ ಕನ್ನಿಸ್ವಾಮಿಗಳಿಗೆ ಬಾಯಿಪಾಠ ಬೇಗ ಆಗುತ್ತದೆ.

ಬಟ್ಟೆಯ ವಿಷಯದಲ್ಲಿ ಕಪ್ಪು, ನೀಲಿ, ಕಾವಿ ಎಂದು ಬಣ್ಣ ಹೇಳಿ ನಿಲ್ಲಿಸಬೇಡಿ. ದಿನಕ್ಕೆರಡು ಸ್ನಾನ, ಪ್ರತಿ ಸಲ ಒಗೆದ ಬಟ್ಟೆ. ಚಳಿಗಾಲದಲ್ಲಿ ಸಂಜೆ ಒಗೆದದ್ದು ಬೆಳಗಿನ ಜಾವಕ್ಕೆ ಒಣಗುವುದಿಲ್ಲ. ಎರಡು ಜೊತೆ ತಂದವರು ಒಂದು ವಾರದಲ್ಲಿ ಒದ್ದೆ ಪಂಚೆ ಸುತ್ತಿಕೊಂಡು ನೆಗಡಿ ಹಿಡಿಸಿಕೊಳ್ಳುತ್ತಾರೆ. ಮೂರು ಜೊತೆ ಎಂದೇ ಹೇಳಿ.

ಈಗ ಹಗಲು. ಮಾಂಸ, ಮೊಟ್ಟೆ, ಕುಡಿತ, ಬೀಡಿ, ಗುಟ್ಕಾ ಬಿಡಬೇಕು ಎಂಬುದು ಎಲ್ಲರಿಗೂ ಗೊತ್ತು, ಒಂದೇ ವಾಕ್ಯ ಸಾಕು. ಗೊತ್ತಿಲ್ಲದೆ ಬಾಯಿಗೆ ಹೋಗುವ ಪದಾರ್ಥಗಳ ಬಗ್ಗೆ ಸಮಯ ಕೊಡಿ. ನಿಮ್ಮ ತಂಡದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಿಡುವ ಪದ್ಧತಿ ಇದ್ದರೆ ನಮ್ಮ ಊರಿನ ಊಟದಲ್ಲಿ ಅವು ಎಲ್ಲೆಲ್ಲಿ ಅಡಗಿವೆ ಎಂದು ಹೆಸರು ಹಿಡಿದು ಹೇಳಬೇಕು. ರೊಟ್ಟಿಯ ಪಕ್ಕದ ಶೇಂಗಾ ಚಟ್ನಿಪುಡಿಗೆ ಬೆಳ್ಳುಳ್ಳಿ ಹಾಕಿಯೇ ಕುಟ್ಟುತ್ತಾರೆ. ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಬೀಳುತ್ತದೆ. ಅಂಗಡಿಯ ಸಾಂಬಾರ್ ಪುಡಿ, ಮಸಾಲೆ ಪೊಟ್ಟಣಗಳಲ್ಲೂ ಇರಬಹುದು, ಹಿಂದಿನ ಅಕ್ಷರ ಓದಬೇಕು. ಬೇಕರಿ ಕೇಕು, ಕೆಲವು ಬಿಸ್ಕತ್ತುಗಳಲ್ಲಿ ಮೊಟ್ಟೆ ಇರುತ್ತದೆ. ಬೆಣ್ಣೆ ದೋಸೆ ಸಸ್ಯಾಹಾರವೇ ಅಲ್ಲವೇ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ದೋಸೆ ಸರಿ, ಪಲ್ಯದಲ್ಲಿ ಈರುಳ್ಳಿ ಇರುತ್ತದೆ, ಆ ಹಂಚಿನ ಮೇಲೆ ಬೆಳಗ್ಗೆಯಿಂದ ಏನೇನು ಬೆಂದಿದೆ ಎಂಬುದೂ ನಮಗೆ ಗೊತ್ತಾಗುವುದಿಲ್ಲ. ಆದ್ದರಿಂದ ಹೋಟೆಲ್ ಬೇಡ, ಮನೆಯ ಡಬ್ಬಿ ಒಯ್ಯಬೇಕು. ಡಬ್ಬಿ ಮರೆತ ದಿನ ಬಾಳೆಹಣ್ಣು, ಎಳನೀರು, ಹಾಲು. ಸ್ವಾಮಿಗಳನ್ನು ಮನೆಗೆ ಕರೆದು ಭಿಕ್ಷೆ ಕೊಡುವವರಿದ್ದರೆ ಅಲ್ಲಿ ಉಣ್ಣಬಹುದು. ಇಲ್ಲಿ ಅವಲಕ್ಕಿ, ರೊಟ್ಟಿ, ಬೇಳೆಪಲ್ಯದ ಡಬ್ಬಿ ಕಟ್ಟುವ ದೃಶ್ಯ ಇಡಿ.

ದಿನಕ್ಕೆ ಎಷ್ಟು ಸಲ ಊಟ ಎಂಬುದು ತಂಡದಿಂದ ತಂಡಕ್ಕೆ ಬೇರೆ, ಅದನ್ನು ಗುರುಸ್ವಾಮಿಗಳ ಬಾಯಿಂದಲೇ ಹೇಳಿಸಿ. ಆದರೆ ಸಕ್ಕರೆ ಕಾಯಿಲೆ, ಬಿಪಿ ಇರುವವರು ಮಾತ್ರೆ ಬಿಡಬಾರದು, ಮಾತ್ರೆಗೆ ತಕ್ಕ ಊಟವನ್ನೂ ಬಿಡಬಾರದು ಎಂದು ಸ್ಪಷ್ಟವಾಗಿ ಹೇಳಿ. ಪಂಪೆಯಿಂದ ಮೇಲೆ ನೀಲಿಮಲೆ, ಅಪ್ಪಾಚಿಮೇಡು ಏರುವಾಗ ಎದೆ ಹಿಡಿಯುವುದು ಸುಮ್ಮನೆ ಮಾತಲ್ಲ, ಆ ಎರಡೂ ಕಡೆ ಹೃದ್ರೋಗದ ತುರ್ತು ಚಿಕಿತ್ಸಾ ಕೇಂದ್ರ ಇಟ್ಟಿದ್ದಾರೆ. ಅದೇ ಕಾರಣಕ್ಕೆ ವಯಸ್ಸಾದವರು, ಉಬ್ಬಸ ಇರುವವರು ಗುರುಸ್ವಾಮಿಗಳ ಅಪ್ಪಣೆ ಪಡೆದು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಲಿ.

ಬರಿಗಾಲು ಇನ್ನೊಂದು ತೊಡಕಿನ ಜಾಗ. ನಲವತ್ತೊಂದು ದಿನ ಬರಿಗಾಲಲ್ಲಿ ನಡೆದರೆ ಅಂಗಾಲು ಗಟ್ಟಿಯಾಗಿ ಮಲೆ ಏರುವಾಗ ಅನುಕೂಲವಾಗುತ್ತದೆ. ಆದರೆ ಅಕ್ಕಿ ಗಿರಣಿ, ವೆಲ್ಡಿಂಗ್ ಶಾಪು, ವಿದ್ಯುತ್ ಕೆಲಸದವರಿಗೆ ಬರಿಗಾಲು ಅಪಾಯ. ಅಂಥವರು ಮೊದಲೇ ಗುರುಸ್ವಾಮಿಗಳಿಗೆ ತಿಳಿಸಿ ಕೆಲಸದ ಹೊತ್ತಿಗಷ್ಟೇ ಬೂಟು ಹಾಕಿ, ಹೊರಗೆ ಬಂದ ಕೂಡಲೇ ಬಿಡಬೇಕು. ಇದನ್ನು ವಿಡಿಯೊದಲ್ಲಿ ಹೇಳದಿದ್ದರೆ ಅವರು ಕದ್ದು ಹಾಕಿಕೊಂಡು ಮನಸ್ಸಿನಲ್ಲಿ ಕೊರಗುತ್ತಾರೆ. ಕ್ಷೌರ ಇಲ್ಲ, ಉಗುರು ಕತ್ತರಿಸುವುದಿಲ್ಲ. ಎದುರು ಬಂದ ಗಂಡಸರನ್ನು "ಸ್ವಾಮಿ", ಹೆಂಗಸರನ್ನು "ಮಾತಾ" ಎನ್ನಬೇಕು, ಫೋನಿನಲ್ಲಿ ಮಾತು ಶುರುವಾಗುವುದೂ ಮುಗಿಯುವುದೂ "ಸ್ವಾಮಿ ಶರಣಂ" ಎಂದೇ. ಅಂಗಡಿಯಲ್ಲಿ ಕೂಲಿಯವನನ್ನು "ಲೇ" ಎಂದು ಕರೆಯುವ ಮಾಲೀಕನೂ ಮಾಲೆ ಹಾಕಿದ ಮೇಲೆ "ಸ್ವಾಮಿ" ಅನ್ನಲೇಬೇಕು. ನನ್ನ ಮಟ್ಟಿಗೆ ಇಡೀ ವ್ರತದಲ್ಲಿ ಕಷ್ಟದ ನಿಯಮ ಇದೇ, ಇದಕ್ಕೆ ಹತ್ತು ಸೆಕೆಂಡು ಕೊಡಿ.

ಸಂಜೆ ಮತ್ತೆ ಸ್ನಾನ, ದೀಪ, ಶರಣು, ಸಾಧ್ಯವಾದರೆ ತಂಡದ ಭಜನೆ. ರಾತ್ರಿ ನೆಲದ ಮೇಲೆ ಮಲಗುವುದು, ಹಾಸಿಗೆ ದಿಂಬು ಇಲ್ಲ. ಬ್ರಹ್ಮಚರ್ಯವನ್ನು ನಾಚಿಕೆಯಿಂದ ಸುತ್ತಿ ಬಳಸಿ ಹೇಳದೆ ನೇರವಾಗಿ ಹೇಳಿ: ಗಂಡ ಹೆಂಡತಿ ಬೇರೆ ಮಲಗಬೇಕು, ಮೊಬೈಲಿನಲ್ಲಿ ನೋಡುವುದಕ್ಕೂ ಇದೇ ಕಟ್ಟು. ಚಳಿಗೆ ಸಿಮೆಂಟ್ ನೆಲ ಕೊರೆಯುತ್ತದೆ, ಚಾಪೆಯ ಮೇಲೊಂದು ಚಳ್ಳಕೆರೆ ಕಂಬಳಿ ಹಾಸಿದರೆ ಸೊಂಟ ಹಿಡಿಯುವುದಿಲ್ಲ.

ಕೊನೆಯ 25 ಸೆಕೆಂಡಿನಲ್ಲಿ ಎರಡು ವಿಷಯ. ಒಂದು, ಮಾಲೆ ಹರಿದರೆ. ಸ್ನಾನಕ್ಕೂ ನಿದ್ದೆಗೂ ತೆಗೆಯದ ಮಾಲೆ ದಿನಕ್ಕೆ ಎರಡು ಸಲ ನೆನೆಯುತ್ತದೆ, ಬರೀ ಹತ್ತಿ ದಾರ ಕೊಳೆತು ಹರಿಯುತ್ತದೆ. ಅದು ಅಪಶಕುನವಲ್ಲ, ವ್ರತಭಂಗವೂ ಅಲ್ಲ. ಮಣಿ ಎತ್ತಿಟ್ಟುಕೊಂಡು ಗುರುಸ್ವಾಮಿಗಳಿಗೆ ತಿಳಿಸಿ, ಪೋಣಿಸಿ, ದೀಪದ ಮುಂದೆ ಶರಣು ಕೂಗಿ ಮತ್ತೆ ಹಾಕಿಸಿಕೊಳ್ಳಬೇಕು. ತಂತಿಯಲ್ಲಿ ಕಟ್ಟಿದ ಮಾಲೆ ತೆಗೆದುಕೊಂಡು, ಜೊತೆಗೆ ಇನ್ನೊಂದು ಚಿಕ್ಕ ಮಾಲೆ ಹಾಕಿಕೊಂಡಿದ್ದರೆ ಕೊರಳು ಬರಿದಾಗುವುದೇ ಇಲ್ಲ. ಎರಡು, ಸಾವಿನ ಸುದ್ದಿ. ಮಾಲೆಯಲ್ಲಿದ್ದಾಗ ಮಣ್ಣಿಗೆ ಹೋಗುವಂತಿಲ್ಲ. ಹತ್ತಿರದ ರಕ್ತಸಂಬಂಧದಲ್ಲೇ ಸಾವಾದರೆ ಗುರುಸ್ವಾಮಿಗಳು ಮಾಲೆ ಇಳಿಸಿ ಕಳಿಸುತ್ತಾರೆ, ಆ ವರ್ಷದ ಯಾತ್ರೆ ನಿಲ್ಲುತ್ತದೆ. ಅದು ತಪ್ಪಲ್ಲ ಎಂದು ಒಂದು ಮಾತು ಸೇರಿಸಿ. ತಂದೆಯ ಮಣ್ಣಿಗೆ ಹೋಗಬೇಕಾದವನು ಆ ಹೊತ್ತಿನಲ್ಲಿ ವಿಡಿಯೊ ನೆನೆದು ಹೆದರಬಾರದು.

ಚಿತ್ರೀಕರಣದ ಬಗ್ಗೆ ಒಂದು ಬಿಗಿಯಾದ ಸಲಹೆ. ವಿಡಿಯೊಗಾಗಿ ಯಾರ ಕೊರಳಿಗೂ ಮಾಲೆ ಹಾಕಿಸಿ ನಟಿಸಬೇಡಿ. ಮಂತ್ರ ಹೇಳಿ ಹಾಕಿದರೆ ಅದು ವ್ರತವೇ, ಕ್ಯಾಮೆರಾ ಆಫ್ ಮಾಡಿ ತೆಗೆಯುವ ಹಾಗಿಲ್ಲ. ತಟ್ಟೆಯಲ್ಲಿ ಅಕ್ಕಿಯ ಮೇಲಿಟ್ಟ ಮಾಲೆ, ಪಕ್ಕದಲ್ಲಿ ದೀಪ, ಅಷ್ಟು ತೋರಿಸಿ. ಬಸ್ಸಿನಲ್ಲಿ, ಕೆಲಸದಲ್ಲಿ ಧ್ವನಿ ಇಲ್ಲದೆ ನೋಡುವವರಿಗಾಗಿ ತಾರೀಖಿನ ಲೆಕ್ಕ ಮತ್ತು ಊಟದ ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ಬರೆಯಿರಿ. ಹಿನ್ನೆಲೆಗೆ ಹಾಡು ಬೇಡ, ಮಾತು ಮುಚ್ಚಿಹೋಗುತ್ತದೆ.

ಗ್ರೂಪಿಗೆ ಹಾಕುವ ಮುಂಚೆ ಗುರುಸ್ವಾಮಿಗಳಿಗೆ ತೋರಿಸಿ, ಆಮೇಲೆ ಇಬ್ಬರು ಕನ್ನಿಸ್ವಾಮಿಗಳಿಗೆ ಒಂದೇ ಸಲ ತೋರಿಸಿ ಮೂರು ಪ್ರಶ್ನೆ ಕೇಳಿ: ನೀವು ಯಾವ ತಾರೀಖು ಮಾಲೆ ಹಾಕಬೇಕು, ಡಬ್ಬಿ ಮರೆತರೆ ಏನು ತಿನ್ನುತ್ತೀರಿ, ಮಾಲೆ ಹರಿದರೆ ಯಾರಿಗೆ ಹೇಳುತ್ತೀರಿ. ಯಾವುದಕ್ಕೆ ತಡವರಿಸುತ್ತಾರೋ ಆ ಭಾಗವನ್ನು ಮತ್ತೆ ತೆಗೆಯಿರಿ. ಇದೆಲ್ಲ ಅಕ್ಟೋಬರ್ ಕೊನೆಯೊಳಗೆ ಮುಗಿದರೆ ಮೂರು ಜೊತೆ ಬಟ್ಟೆ ಹೊಲಿಸಲು, ರಜೆ ಕೇಳಲು ಅವರಿಗೆ ಸಮಯ ಉಳಿಯುತ್ತದೆ.