ಆ ಮಚ್ಚೆ ಅಳಿಸಲು ಅವಳನ್ನು ಕೇಳಿದಿರಾ?

"ನಾದಿನಿಗೆ ಗಂಡು ನೋಡ್ತಿದ್ದೇವೆ. ಕಾಫಿ ತೋಟದಲ್ಲಿ ತೆಗೆದ ಅವಳ ಫೋಟೋವನ್ನು ಚಿಕ್ಕತ್ತೆ ಹೇಳಿದರು ಅಂತ ಬೆಳ್ಳಗೆ ಮಾಡಿ, ಕೆನ್ನೆಯ ಮಚ್ಚೆಯನ್ನೂ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ, ಬ್ರೋಕರಿಗೆ ಕಳಿಸಿದೆ. ಬಣ್ಣದ ವಿಷಯಕ್ಕೆ ಅವಳು ಮುನಿಸಿಕೊಂಡು ಮೂರು ದಿನದಿಂದ ಮಾತಾಡ್ತಿಲ್ಲ. ಭಾನುವಾರ ಹಾಸನದಿಂದ ಹುಡುಗನ ಕಡೆಯವರು ಬರ್ತಾರೆ. ಏನು ಮಾಡಲಿ?"
— ಅತ್ತಿಗೆ, ಚಿಕ್ಕಮಗಳೂರು

ಬಣ್ಣದ ಮಾತು ಆಮೇಲೆ. "ಮಚ್ಚೆಯನ್ನೂ" ಅಂತ ಒಂದೇ ಪದದಲ್ಲಿ ದಾಟಿಬಿಟ್ಟಿರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಮೊಡವೆ ಹದಿನೈದು ದಿನಕ್ಕೆ ಹೋಗುತ್ತದೆ, ಅದನ್ನು ತೆಗೆದರೆ ಸುಳ್ಳಾಗುವುದಿಲ್ಲ. ಮಚ್ಚೆ, ಹಳೆಯ ಗಾಯದ ಗುರುತು, ಹಲ್ಲಿನ ಸಂದು ಇವೆಲ್ಲ ಅವಳ ಗುರುತು. ಅವಳೇ ಬಾಯಿಬಿಟ್ಟು ಹೇಳದೆ ಅವನ್ನು ಮುಟ್ಟಬಾರದು. ಭಾನುವಾರ ತಟ್ಟೆ ಹಿಡಿದು ಬರುವವಳ ಕೆನ್ನೆಯಲ್ಲಿ ಆ ಮಚ್ಚೆ ಇರುತ್ತದೆ. ಹುಡುಗನ ತಾಯಿ ಅದನ್ನೇ ದಿಟ್ಟಿಸಿದರೆ ನೆಲ ನೋಡಬೇಕಾದವಳು ಅವಳು, ನೀವಲ್ಲ.

ಇನ್ನು ಬಣ್ಣ. ತೋಟದ ನೆರಳಲ್ಲಿ ಎಲೆಗಳ ಮೂಲಕ ಇಳಿಯುವ ಬೆಳಕು ಹಸಿರು ಬೆರೆತೇ ಬರುತ್ತದೆ, ಮುಖ ಮಂಕಾಗಿ ಕಾಣುತ್ತದೆ. ಅದನ್ನು ಸರಿಪಡಿಸುವುದು ಮೋಸವಲ್ಲ. ಎಡಿಟಿಂಗ್ ಆ್ಯಪಿನಲ್ಲಿ ಟಿಂಟ್ ಅನ್ನು ಹಸಿರಿನಿಂದ ನೇರಳೆಗೆಂಪಿನ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಸಿ, ಕಣ್ಣಿನ ಬಿಳಿಭಾಗವೋ ಮುಡಿದ ಮಲ್ಲಿಗೆಯೋ ಬಿಳಿಯಾಗಿ ಕಂಡ ಕೂಡಲೇ ನಿಲ್ಲಿಸಬೇಕು. ಇದು ಇಡೀ ಚಿತ್ರಕ್ಕೆ ಒಂದೇ ಸಮ ಆಗುವ ಬದಲಾವಣೆ. ನೀವು ಮಾಡಿದ್ದು ಮುಖವನ್ನಷ್ಟೇ ಬೆಳಗಿಸಿದ್ದಾದರೆ, ಫೋಟೋ ದೊಡ್ಡದು ಮಾಡಿ ನೋಡಿ: ಕತ್ತು, ಕೈ ಹಳೆಯ ಬಣ್ಣದಲ್ಲೇ ಉಳಿದಿರುತ್ತವೆ, ಮೂಗುಬೊಟ್ಟಿನ ಚಿನ್ನ ಪೇಲವವಾಗಿರುತ್ತದೆ. ಚರ್ಮ ನುಣುಪು ಮಾಡಿದ್ದರೆ ಹಣೆಯಂಚಿನ ಎಳೆಗೂದಲು ಕಲೆಸಿಹೋಗಿ, ಹುಬ್ಬಿನ ತುದಿ ಮಸಿ ತೀಡಿದಂತೆ ಕಾಣುತ್ತದೆ. ನಾದಿನಿ ಇದನ್ನೆಲ್ಲ ನೋಡಿಯೇ ಸುಮ್ಮನಾಗಿರುವುದು.

ನಿಮ್ಮ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೆಣ್ಣುಮಗಳ ಬಣ್ಣಕ್ಕೆ ಬೆಲೆ ಕಟ್ಟಿದ ಚಿಕ್ಕತ್ತೆಯ ಮೇಲಿದೆ. ಮನೆಯ ಹಿರಿಯರು ಒಪ್ಪಿದರೆ ಮುಖದ ಒಡತಿ ಒಪ್ಪಿದಂತಲ್ಲ. ನಾರ್ವೆಯಲ್ಲಿ 2022ರಿಂದ, ಜಾಹೀರಾತಿನಲ್ಲಿ ಮೈಕಟ್ಟು, ಗಾತ್ರ, ಚರ್ಮ ತಿದ್ದಿದ್ದರೆ ಹಾಗೆಂದು ಚಿತ್ರದ ಮೇಲೇ ಗುರುತು ಹಾಕಬೇಕೆಂಬ ಕಾನೂನಿದೆ. ದುಡ್ಡು ತೆಗೆದುಕೊಂಡು ನಿಂತ ರೂಪದರ್ಶಿಯ ಚಿತ್ರಕ್ಕೇ ಹಾಗಿರುವಾಗ, ಮದುವೆಗೆ ಕಳಿಸುವ ಫೋಟೋಕ್ಕೆ ಅಷ್ಟೂ ಬೇಡವೇ?

ಮಾಡಬೇಕಾದ್ದು ಒಂದೇ, ಇವತ್ತೇ. ಮೂಲ ಫೋಟೋ ತೆಗೆದು ಹಸಿರು ಛಾಯೆಯನ್ನಷ್ಟೇ ಸರಿಮಾಡಿ, ಎರಡನ್ನೂ ಅವಳ ಕೈಗೆ ಕೊಟ್ಟು, ಯಾವುದು ಹೋಗಬೇಕು ಅಂತ ಕೇಳಿ. ಅವಳು ಆರಿಸಿದ್ದನ್ನು ಬ್ರೋಕರಿಗೂ ಗುಂಪಿಗೂ ಈ ಸಾಲಿನ ಜೊತೆ ಕಳಿಸಿ: "ಮೊದಲು ಕಳಿಸಿದ್ದು ನಾನು ತಿದ್ದಿದ ಫೋಟೋ, ಅವಳನ್ನು ಕೇಳಿರಲಿಲ್ಲ. ಹುಡುಗನ ಮನೆಗೆ ಇದನ್ನು ತಲುಪಿಸಿ." ಗುಂಪಿನಿಂದ ಹಳೆಯದನ್ನು ಅಳಿಸಿದರೆ ಸಾಲದು, ಬ್ರೋಕರ್ ಆಗಲೇ ಮುಂದೆ ಕಳಿಸಿರುತ್ತಾನೆ. ಯಾವ ಫೋಟೋವೂ ಬೇಡ ಅಂದಳೋ, ಆ ಸಾಲನ್ನಷ್ಟೇ ಅದಕ್ಕೆ ತಕ್ಕಂತೆ ಬದಲಿಸಿ ಕಳಿಸಿ.